ಸಂಕಿರಣದ ಪ್ರಬಂಧ ಪತ್ರಿಕೆಯ ಲೇಖನವಾಗುವಾಗ

ಧಾರ್ಮಿಕ ನೀತಿಶಾಸ್ತ್ರದ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧವನ್ನು ಬೆಳೆಸಿ ಸಂಶೋಧನಾ ಪತ್ರಿಕೆಗೆ ಕಳಿಸುವುದರಲ್ಲಿ ತಪ್ಪೇನೂ ಇಲ್ಲ. ಆ ಕ್ಷೇತ್ರದ ಅನೇಕ ಒಳ್ಳೆಯ ಲೇಖನಗಳು ಹುಟ್ಟಿರುವುದೇ ಹಾಗೆ: ಸಭೆಯಲ್ಲಿ ಓದಿ, ಪ್ರಶ್ನೆಗಳನ್ನು ಎದುರಿಸಿ, ಮನೆಗೆ ಬಂದು ತಿದ್ದಿ ಬರೆದದ್ದು. ಹಿಂದೆ ಅಚ್ಚಾಗಿದ್ದ ಬರಹವನ್ನೇ ಹೊಸದೆಂದು ಸಂಪಾದಕರ ಮುಂದೆ ಇಟ್ಟಾಗ ಅದು ತಪ್ಪಾಗುತ್ತದೆ. ತನ್ನದೇ ಹಳೆಯ ವಾಕ್ಯಗಳನ್ನೂ ವಾದವನ್ನೂ ಎಲ್ಲಿಂದ ಬಂದವೆಂದು ಹೇಳದೆ ಮತ್ತೆ ಬಳಸುವುದು ಸ್ವ-ಕೃತಿಚೌರ್ಯ. ಒಂದೇ ಬರಹವನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಎರಡು ಕಡೆ ಅಚ್ಚು ಹಾಕಿಸುವುದು ದ್ವಿಪ್ರಕಟಣೆ. ಮೊದಲನೆಯದು ಅರಿವಿಲ್ಲದೆಯೂ ಆಗಿಬಿಡಬಹುದು. ಎರಡನೆಯದು ಅರಿವಿಲ್ಲದೆ ಆಗುವುದು ಅಪರೂಪ, ಆದರೆ ಭಾರತದ ಸಂಕಿರಣಗಳ ಪದ್ಧತಿಯಲ್ಲಿ ಅದಕ್ಕೂ ಅವಕಾಶವಿದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸಂಕಿರಣದ ಪ್ರಬಂಧ ಪ್ರಕಟವಾಗಿತ್ತೇ? ಇದಕ್ಕೆ ಎಲ್ಲೆಡೆ ಒಂದೇ ಉತ್ತರವಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ರಿಲಿಜನ್‌ನಂಥ ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ವಿದ್ವಾಂಸರು ಪ್ರಬಂಧವನ್ನು ಓದುತ್ತಾರೆ, ಚರ್ಚೆ ನಡೆಯುತ್ತದೆ, ಸಾಮಾನ್ಯವಾಗಿ ವಿಷಯ ಅಲ್ಲಿಗೆ ಮುಗಿಯುತ್ತದೆ. ಅಲ್ಲಿ ಓದಿದ್ದನ್ನು ಪತ್ರಿಕೆಗೆ ಕಳಿಸಿದರೆ ಅದು ಮೊದಲ ಪ್ರಕಟಣೆಯೇ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸಮಾವೇಶದ ಪ್ರಬಂಧವನ್ನು ಪರಿಶೀಲಕರು ನೋಡಿ ಒಪ್ಪಿರುತ್ತಾರೆ, ಅದೇ ಮುಖ್ಯ ಪ್ರಕಟಣೆಯೆನಿಸಿಕೊಳ್ಳುತ್ತದೆ. ಪತ್ರಿಕೆಗೆ ಕೊಡುವಾಗ ನಾಲ್ಕನೆಯ ಒಂದು ಭಾಗವೋ ಅದಕ್ಕೂ ಹೆಚ್ಚೋ ಹೊಸತಿರಬೇಕೆಂಬ ರೂಢಿಯೂ ಆ ಕ್ಷೇತ್ರದಲ್ಲಿದೆ. ಮಾನವಿಕ ವಿಷಯಗಳಲ್ಲಿ ಇಂಥ ಅಳತೆಗೋಲು ಬಳಕೆಯಲ್ಲಿಲ್ಲ, ಇದ್ದರೂ ಅದರಿಂದ ಪ್ರಯೋಜನವಿಲ್ಲ. ಏಕೆ ಎಂಬುದು ಮುಂದಿನ ಉದಾಹರಣೆಯಲ್ಲಿ ಕಾಣುತ್ತದೆ.

ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳ ರಾಷ್ಟ್ರೀಯ ವಿಚಾರ ಸಂಕಿರಣಗಳ ಪದ್ಧತಿ ಇವೆರಡಕ್ಕೂ ನಡುವಿನದು. ಪೂರ್ಣ ಪ್ರಬಂಧವನ್ನು ಮೊದಲೇ ತರಿಸಿಕೊಳ್ಳುತ್ತಾರೆ. ಕೆಲವೆಡೆ ಉದ್ಘಾಟನೆಯ ದಿನವೇ ಐಎಸ್‌ಬಿಎನ್ ಸಂಖ್ಯೆ ಹೊತ್ತ ಸಂಪುಟ ಬಿಡುಗಡೆಯಾಗುತ್ತದೆ, ಕೆಲವೆಡೆ ಒಂದೆರಡು ವರ್ಷ ತಡವಾಗಿ ಬರುತ್ತದೆ. ಇನ್ನು ಕೆಲವೆಡೆ ಯಾವುದೋ ಪತ್ರಿಕೆಯ ವಿಶೇಷ ಸಂಚಿಕೆಯಾಗಿ, ಐಎಸ್‌ಎಸ್‌ಎನ್ ಸಂಖ್ಯೆಯೊಂದಿಗೆ ಹೊರಬರುತ್ತದೆ. ಮುನ್ನೂರು ಪದಗಳ ಸಾರಾಂಶವಷ್ಟೇ ಅಚ್ಚಾಗಿದ್ದರೆ ಬಹುತೇಕ ಸಂಪಾದಕರು ಆಕ್ಷೇಪಿಸುವುದಿಲ್ಲ. ಪೂರ್ಣ ಪ್ರಬಂಧ ಸಂಪುಟದಲ್ಲಿ ಬಂದಿದ್ದರೆ, ಆ ಸಂಪುಟ ನೂರೇ ಪ್ರತಿ ಅಚ್ಚಾಗಿ ಕಾಲೇಜಿನ ಗ್ರಂಥಾಲಯ ದಾಟಿ ಹೋಗದಿದ್ದರೂ, ಅದು ಪ್ರಕಟವಾದ ಬರಹವೇ. ಎಷ್ಟು ಜನ ಓದಿದರು ಎಂಬುದರಿಂದ ಪ್ರಕಟಣೆ ನಿರ್ಧಾರವಾಗುವುದಿಲ್ಲ. ವಿಶೇಷ ಸಂಚಿಕೆಯಲ್ಲಿ ಬಂದಿದ್ದರಂತೂ ಅದು ಪತ್ರಿಕೆಯ ಲೇಖನವೇ ಆಗಿಹೋಗಿರುತ್ತದೆ.

ತಡವಾಗಿ ಬರುವ ಸಂಪುಟದಿಂದ ಆಗುವ ತೊಂದರೆ ಹೆಚ್ಚು. ಪ್ರಬಂಧ ಕೊಟ್ಟು ವರ್ಷ ಕಳೆದರೂ ಸುದ್ದಿಯಿಲ್ಲ, ಸಂಪುಟ ಬರುವುದಿಲ್ಲವೆಂದುಕೊಂಡು ಲೇಖಕರು ಅದನ್ನೇ ತಿದ್ದಿ ಪತ್ರಿಕೆಗೆ ಕಳಿಸುತ್ತಾರೆ. ಪತ್ರಿಕೆಯ ಪರಿಶೀಲನೆ ನಡೆಯುತ್ತಿರುವಾಗಲೇ ಸಂಪುಟ ಅಚ್ಚಾಗಿ ಕೈಸೇರುತ್ತದೆ. ಇಲ್ಲಿ ಯಾರಿಗೂ ಮೋಸದ ಉದ್ದೇಶವಿರಲಿಲ್ಲ, ಆದರೂ ಒಂದೇ ಬರಹ ಎರಡು ಕಡೆ ಬಂದಂತಾಯಿತು. ಪತ್ರಿಕೆಗೆ ಕಳಿಸುವ ಮೊದಲೇ ಸಂಕಿರಣದ ಸಂಘಟಕರಿಗೆ ಬರೆದು, ಪ್ರಬಂಧವನ್ನು ಸಂಪುಟದಿಂದ ಕೈಬಿಡಬೇಕೆಂದು ಕೋರಿ, ಅವರ ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಂಡರೆ ಈ ಗಂಟು ಬೀಳುವುದಿಲ್ಲ. ಫೋನಿನಲ್ಲಿ ಬಂದ ಭರವಸೆ ಸಾಲದು. ಸಂಘಟಕರು ಬದಲಾಗುತ್ತಾರೆ, ಕಡತ ಮಾತ್ರ ಮುದ್ರಣಾಲಯಕ್ಕೆ ಹೋಗುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ಎರಡು ದಾಖಲೆಗಳು ಮುಖ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿ ಹೋಲಿಕೆಯನ್ನು ಶೇಕಡಾವಾರು ಹಂತಗಳಲ್ಲಿ ವಿಂಗಡಿಸಿತು. ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದಕ್ಕಿಂತ ಮೇಲೆ 40, 60ರ ಗಡಿಗಳನ್ನು ದಾಟಿದಂತೆ ಶಿಕ್ಷೆ ಏರುತ್ತದೆ. ಹಸ್ತಪ್ರತಿ ಹಿಂಪಡೆಯುವುದರಿಂದ ಮೊದಲಾಗಿ ವೇತನ ಬಡ್ತಿ ತಡೆಯವರೆಗೆ ಅದು ಹೋಗುತ್ತದೆ. ಆದರೆ ಆ ನಿಯಮಾವಳಿ ಕೃತಿಚೌರ್ಯವೆಂದು ಹೇಳಿದ್ದು ಬೇರೆಯವರ ಬರಹವನ್ನು ತನ್ನದೆಂದು ತೋರಿಸುವುದನ್ನು. ತನ್ನದೇ ಬರಹದ ವಿಷಯ ಅಸ್ಪಷ್ಟವಾಗಿಯೇ ಉಳಿದಿತ್ತು. 2020ರ ಏಪ್ರಿಲ್‌ನಲ್ಲಿ ಯುಜಿಸಿ ಹೊರಡಿಸಿದ ಸಾರ್ವಜನಿಕ ಪ್ರಕಟಣೆ ಆ ಕೊರತೆಯನ್ನು ತುಂಬಿತು. ಅದರ ಪ್ರಕಾರ, ಹಿಂದೆ ಪ್ರಕಟವಾದ ತನ್ನ ಬರಹವನ್ನು ಸರಿಯಾದ ಉಲ್ಲೇಖವಿಲ್ಲದೆ ಪೂರ್ತಿಯಾಗಿಯೋ ಭಾಗಶಃವೋ ಮತ್ತೆ ಕೊಟ್ಟು, ಅದನ್ನು ಹೊಸದೆಂದು ಹೇಳಿ ಶೈಕ್ಷಣಿಕ ಲಾಭ ಪಡೆಯುವುದು ಒಪ್ಪತಕ್ಕದ್ದಲ್ಲ. ದೊಡ್ಡ ಅಧ್ಯಯನವನ್ನು ತುಂಡು ಮಾಡಿ ಒಂದೊಂದನ್ನೂ ಹೊಸ ಬರಹವೆಂದು ಪ್ರಕಟಿಸುವುದೂ ಇದರಲ್ಲಿ ಸೇರುತ್ತದೆ. ಉಲ್ಲೇಖವಿಲ್ಲದೆ ತನ್ನ ಹಳೆಯ ಬರಹವನ್ನು ಬೇರೆ ಮಾತುಗಳಲ್ಲಿ ಹೇಳುವುದು ಕೂಡ ಸೇರುತ್ತದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಹೋಲಿಕೆಯ ಶೇಕಡಾವಾರು ಇಳಿಸಲೆಂದು ಪದ ಬದಲಿಸುತ್ತ ಕೂರುವವರು ಓದಬೇಕಾದ ಮಾತು ಅದೇ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಬರಹಗಳಿಗೆ ಅಂಕವಿದೆ. ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಸಂಬಂಧಿಸಿದ 2018ರ ಯುಜಿಸಿ ನಿಯಮಾವಳಿಯಲ್ಲಿ ಮಾನವಿಕ ವಿಷಯದ ಪತ್ರಿಕಾ ಲೇಖನಕ್ಕೆ 10 ಅಂಕ, ಸಂಪಾದಿತ ಪುಸ್ತಕದ ಅಧ್ಯಾಯಕ್ಕೆ 5 ಅಂಕ. ಒಂದೇ ಪ್ರಬಂಧ ಸಂಪುಟದಲ್ಲೂ ಪತ್ರಿಕೆಯಲ್ಲೂ ಬಂದರೆ ಒಂದು ಕೆಲಸಕ್ಕೆ ಎರಡು ಬಾರಿ ಅಂಕ ಸಿಗುತ್ತದೆ, ಅದೇ ಹುದ್ದೆಗೆ ಅರ್ಜಿ ಹಾಕಿದ ಇನ್ನೊಬ್ಬರು ಹಿಂದೆ ಬೀಳುತ್ತಾರೆ. ಓದುಗರಿಗೂ ನಷ್ಟವಿದೆ. ಒಂದು ನಿಲುವನ್ನು ಎರಡು ಬೇರೆ ಬೇರೆ ಅಧ್ಯಯನಗಳು ಸಮರ್ಥಿಸಿವೆಯೆಂದು ನಂಬಿ ಎರಡನ್ನೂ ಉಲ್ಲೇಖಿಸುವ ಸಂಶೋಧಕರಿಗೆ, ಅವೆರಡೂ ಒಂದೇ ಎಂಬುದು ತಿಳಿದಿರುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಜೈನರ ಸಲ್ಲೇಖನ ವ್ರತವನ್ನು ಆತ್ಮಹತ್ಯಾ ಪ್ರಯತ್ನಕ್ಕೆ ಸಮವೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಮರುವರ್ಷ ಒಬ್ಬ ಅಧ್ಯಾಪಕಿ ಸಂಕಿರಣವೊಂದರಲ್ಲಿ ಕನ್ನಡದಲ್ಲಿ ಮೂರೂವರೆ ಸಾವಿರ ಪದಗಳ ಪ್ರಬಂಧ ಮಂಡಿಸಿದರು ಎಂದುಕೊಳ್ಳೋಣ. ಅದರಲ್ಲಿ ಮೊದಲು ತೀರ್ಪಿನ ವಿವರ. ಆಮೇಲೆ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಬರುವ ಲಕ್ಷಣ: ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ ಇವುಗಳಲ್ಲಿ ಧರ್ಮಕ್ಕಾಗಿ ದೇಹ ಬಿಡುವುದು ಸಲ್ಲೇಖನ. ಅದರ ಮುಂದೆ ಪೂಜ್ಯಪಾದನು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಸಮರ್ಥನೆ: ರಾಗದ್ವೇಷಗಳಿಂದ ವಿಷ, ಶಸ್ತ್ರಗಳನ್ನು ಬಳಸಿ ಸಾಯುವುದು ಆತ್ಮಹತ್ಯೆ, ಸಲ್ಲೇಖನದಲ್ಲಿ ಆ ರಾಗದ್ವೇಷಗಳಿಲ್ಲ. ವರ್ತಕನೊಬ್ಬ ತನ್ನ ಉಗ್ರಾಣ ಹಾಳಾಗುವುದನ್ನು ಬಯಸುವುದಿಲ್ಲ, ಉಳಿಸಲು ಆಗದಿದ್ದಾಗ ಒಳಗಿನ ಸರಕನ್ನು ಕಾಪಾಡಿಕೊಳ್ಳುತ್ತಾನೆ ಎಂಬ ಪೂಜ್ಯಪಾದನ ದೃಷ್ಟಾಂತವೂ ಅಲ್ಲಿತ್ತು. ಕೊನೆಗೆ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದಿಂದ ಆಯ್ದ ಶ್ರವಣಬೆಳಗೊಳದ ಮೂರು ನಿಸಿದಿ ಶಾಸನಗಳ ಓದು. ಉದ್ದೇಶವೇ ಸಲ್ಲೇಖನವನ್ನು ಆತ್ಮಹತ್ಯೆಯಿಂದ ಬೇರ್ಪಡಿಸುತ್ತದೆ ಎಂಬುದು ಅವರ ತೀರ್ಮಾನ. ಪ್ರಬಂಧ 2017ರಲ್ಲಿ ಐಎಸ್‌ಬಿಎನ್ ಸಂಪುಟದಲ್ಲಿ ಅಚ್ಚಾಯಿತು.

ಈಗ ಅವರು ಎಂಟು ಸಾವಿರ ಪದಗಳ ಲೇಖನವನ್ನು ಪತ್ರಿಕೆಯೊಂದಕ್ಕೆ ಬರೆಯಬೇಕು. ಸುಲಭವಾಗಿ ಹೊಳೆಯುವ ದಾರಿಯೆಂದರೆ ಹಳೆಯ ಪ್ರಬಂಧಕ್ಕೆ ಇನ್ನಷ್ಟು ಶಾಸನ, ಇನ್ನಷ್ಟು ಪೀಠಿಕೆ, ಉದ್ದನೆಯ ಗ್ರಂಥಋಣ ಸೇರಿಸುವುದು. ಪದಗಳ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸದಾಗುತ್ತದೆ, ಹೋಲಿಕೆಯೂ ಕಡಿಮೆ ಬರುತ್ತದೆ. ಆದರೂ ಅದು ಹಳೆಯ ಲೇಖನವೇ, ಏಕೆಂದರೆ ತೀರ್ಮಾನ ಅದೇ, ತೀರ್ಮಾನಕ್ಕೆ ಹೋಗುವ ಮೆಟ್ಟಿಲುಗಳೂ ಅವೇ. ಪ್ರಯೋಗಾಲಯದ ವಿಜ್ಞಾನದಲ್ಲಿ ಹೊಸತನ ದತ್ತಾಂಶದಲ್ಲಿರಬಹುದು, ನೀತಿಶಾಸ್ತ್ರದಲ್ಲಿ ಅದು ಇರುವುದು ವಾದದಲ್ಲಿ. ಹತ್ತು ಶಾಸನ ಸೇರಿಸಿದರೂ ಹೇಳುವ ಮಾತು ಅದೇ ಆಗಿದ್ದರೆ ಉದಾಹರಣೆಗಳು ಹೆಚ್ಚಾದವು, ಅಷ್ಟೆ. ಶೇಕಡಾವಾರು ಅಳತೆ ಇಲ್ಲಿ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ಸರಿಯಾದ ದಾರಿ ಹಳೆಯ ತೀರ್ಮಾನ ನಿಂತ ಜಾಗದಿಂದ ಶುರುವಾಗುತ್ತದೆ. ಉದ್ದೇಶವೇ ಭೇದಕವೆಂದು ಒಪ್ಪಿದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಇನ್ನೊಬ್ಬರ ಉದ್ದೇಶವನ್ನು ಹೊರಗಿನವರು, ನ್ಯಾಯಾಲಯವಾಗಲಿ ವೈದ್ಯರಾಗಲಿ, ತಿಳಿಯುವುದು ಹೇಗೆ? ಇದಕ್ಕೆ ಆಧಾರ ಅದೇ ಗ್ರಂಥದಲ್ಲಿದೆ, ಆದರೆ ಹಿಂದಿನ ಪ್ರಬಂಧದಲ್ಲಿ ಅದನ್ನು ಬಳಸಿರಲಿಲ್ಲ. ಸಮಂತಭದ್ರನ ಪ್ರಕಾರ ವ್ರತಧಾರಿ ಮೊದಲು ಸ್ನೇಹ, ವೈರಗಳನ್ನು ಬಿಟ್ಟು ಬಂಧುಗಳಲ್ಲಿ ಕ್ಷಮೆ ಕೇಳಬೇಕು, ಮಾಡಿದ ಪಾಪಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕು. ಆಮೇಲೆ ಘನ ಆಹಾರ ಬಿಟ್ಟು ಹಾಲಿನಂಥ ಪಾನೀಯ, ಅದನ್ನೂ ಬಿಟ್ಟು ತೆಳುವಾದ ಪಾನೀಯ, ಕೊನೆಗೆ ಉಪವಾಸ. ಈ ಹಂತಗಳು ನಾಲ್ಕು ಜನರ ಎದುರು ನಡೆಯುವಂಥವು. ಉದ್ದೇಶ ಮನಸ್ಸಿನೊಳಗಿದ್ದರೂ ಅದರ ಸಾಕ್ಷ್ಯ ಹೊರಗೆ ಕಾಣುವಂತೆ ಸಂಪ್ರದಾಯವೇ ವ್ಯವಸ್ಥೆ ಮಾಡಿದೆ ಎಂಬ ವಾದ ಇಲ್ಲಿಂದ ಹುಟ್ಟುತ್ತದೆ. ಘನತೆಯಿಂದ ಸಾಯುವ ಹಕ್ಕನ್ನೂ ಮುಂಗಡ ವೈದ್ಯಕೀಯ ಸೂಚನೆಯನ್ನೂ ಒಪ್ಪಿದ ಸುಪ್ರೀಂ ಕೋರ್ಟಿನ 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು ಸಂಪುಟ ಅಚ್ಚಾದ ಮೇಲೆ ಬಂದದ್ದು. ಸಾಯುವವರ ಇಚ್ಛೆಯನ್ನು ಲಿಖಿತ ದಾಖಲೆಯಿಂದ ಖಚಿತಪಡಿಸಿಕೊಳ್ಳುವ ಆ ತೀರ್ಪಿನ ಕ್ರಮವನ್ನು ವ್ರತದ ಹಂತಗಳ ಪಕ್ಕದಲ್ಲಿಟ್ಟು ನೋಡಿದರೆ ಲೇಖನಕ್ಕೆ ತನ್ನದೇ ವಿಷಯ ಸಿಗುತ್ತದೆ. ಹಿಂದಿನ ತೀರ್ಮಾನ ಈಗ ತಳಹದಿಗೆ ಇಳಿದಿದೆ, ಹೊಸ ತೀರ್ಮಾನ ಬೇರೆಯೇ ಇದೆ. ಹೀಗಾದಾಗ ಮಾತ್ರ ಅದನ್ನು ಎರಡನೆಯ ಲೇಖನವೆನ್ನಬಹುದು.

ಹಳೆಯದರಿಂದ ಏನನ್ನು ಎಷ್ಟು ತರಬೇಕು ಎಂಬುದು ಇದಾದ ಮೇಲಿನ ಮಾತು. ಪೂಜ್ಯಪಾದನ ಸಮರ್ಥನೆಗೆ ಪ್ರಬಂಧದಲ್ಲಿ ಎರಡು ಪುಟ ಹೋಗಿದ್ದರೆ ಲೇಖನದಲ್ಲಿ ಅದು ಒಂದು ಪ್ಯಾರಾಕ್ಕೆ ಇಳಿಯಬೇಕು, ಅದರ ಕೊನೆಯಲ್ಲಿ ವಿಸ್ತಾರಕ್ಕೆ 2017ರ ಪ್ರಬಂಧ ನೋಡಬೇಕೆಂಬ ಉಲ್ಲೇಖ ಇರಬೇಕು. ಮೂಲ ಶ್ಲೋಕಗಳನ್ನೂ ಶಾಸನದ ಸಾಲುಗಳನ್ನೂ ಮತ್ತೆ ಉದ್ಧರಿಸುವುದರಲ್ಲಿ ದೋಷವಿಲ್ಲ, ಅವು ಎಲ್ಲರಿಗೂ ಸೇರಿದ ಆಕರಗಳು. ಆದರೆ ಶಾಸನದ ಅನುವಾದ ಅಧ್ಯಾಪಕಿಯದೇ ಆಗಿದ್ದು ಸಂಪುಟದಲ್ಲಿ ಅಚ್ಚಾಗಿದ್ದರೆ, ಆ ಅನುವಾದ ಮೊದಲು ಅಲ್ಲಿ ಪ್ರಕಟವಾದದ್ದೆಂದು ಹೇಳಬೇಕು. ಪಾರಿಭಾಷಿಕ ಪದವನ್ನು ವಿವರಿಸುವ ಒಂದೆರಡು ವಾಕ್ಯ ಹಾಗೆಯೇ ಉಳಿದರೆ ಯಾವ ಸಂಪಾದಕರೂ ತಕರಾರು ತೆಗೆಯುವುದಿಲ್ಲ. ಖಚಿತವಾಗಿ ಕಟ್ಟಿದ ವ್ಯಾಖ್ಯೆಯನ್ನು ಹೋಲಿಕೆ ತಪ್ಪಿಸಲೆಂದು ತಿರುಚಿದರೆ ಅರ್ಥವೇ ಕೆಡುತ್ತದೆ, ಹಾಗೆ ಮಾಡುವುದಕ್ಕಿಂತ ಉದ್ಧರಣ ಚಿಹ್ನೆಯಲ್ಲಿ ಇಟ್ಟು ಮೂಲ ಹೇಳುವುದೇ ಮೇಲು. ವಾದದ ತಿರುಳನ್ನು ಹೇಳುವ ಪ್ಯಾರಾಗಳೂ ಮುಕ್ತಾಯವೂ ಮಾತ್ರ ಮಾತಿನಲ್ಲೂ ವಿಚಾರದಲ್ಲೂ ಹೊಸದಾಗಿಯೇ ಇರಬೇಕು.

ಲೇಖನದ ಮೊದಲ ಪುಟದ ಅಡಿಟಿಪ್ಪಣಿಯಲ್ಲಿ ಬರೆಯಬೇಕಾದದ್ದು ಮೂರು ವಾಕ್ಯ: “ಈ ಲೇಖನದ ಎರಡನೆಯ ಭಾಗವು 2016ರ ವಿಚಾರ ಸಂಕಿರಣದಲ್ಲಿ ಮಂಡಿಸಿ, 2017ರ ಸಂಪುಟದಲ್ಲಿ ಕನ್ನಡದಲ್ಲಿ ಪ್ರಕಟಿಸಿದ ಪ್ರಬಂಧದ ವಾದವನ್ನು ಸಂಗ್ರಹಿಸಿ ಹೇಳುತ್ತದೆ. ಶಾಸನಗಳ ಅನುವಾದ ಆ ಪ್ರಬಂಧದ್ದೇ. ಮೂರು ಮತ್ತು ನಾಲ್ಕನೆಯ ಭಾಗಗಳು ಹಾಗೂ ತೀರ್ಮಾನ ಹೊಸವು.” ಸಂಪುಟದ ಹೆಸರು, ಸಂಪಾದಕರು, ಪುಟಸಂಖ್ಯೆ ಇದರ ಜೊತೆಗೇ ಬರಬೇಕು. ‘ಈ ಲೇಖನದ ಹಿಂದಿನ ರೂಪವನ್ನು ಸಂಕಿರಣವೊಂದರಲ್ಲಿ ಓದಲಾಗಿತ್ತು’ ಎಂದಷ್ಟೇ ಬರೆದು ಅಚ್ಚಾದ ವಿಷಯವನ್ನು ಬಿಟ್ಟುಬಿಡುವುದು ಬಹಳ ಕಡೆ ಕಾಣುವ ಚಾಳಿ. ಓದಿದ್ದು ನಿಜವೇ, ಆದರೆ ಸಂಪಾದಕರಿಗೆ ಬೇಕಾದ ಮಾಹಿತಿ ಅದಲ್ಲ.

ಹೆಸರು ಮರೆಮಾಡಿ ಪರಿಶೀಲನೆ ನಡೆಸುವ ಪತ್ರಿಕೆಗಳಲ್ಲಿ ಈ ಟಿಪ್ಪಣಿಯಿಂದ ಲೇಖಕರ ಗುರುತು ಬಯಲಾಗುತ್ತದೆ ಎಂಬ ತೊಡಕಿದೆ. ಅದರ ನೆಪದಲ್ಲಿ ಹಳೆಯ ಪ್ರಬಂಧವನ್ನು ಮುಚ್ಚಿಡುವವರೂ ಇದ್ದಾರೆ. ಪರಿಹಾರ ಕಷ್ಟವಿಲ್ಲ. ಪರಿಶೀಲಕರಿಗೆ ಹೋಗುವ ಪ್ರತಿಯಲ್ಲಿ ‘ಲೇಖಕರ ಹಿಂದಿನ ಬರಹ, ವಿವರ ತಡೆಹಿಡಿದಿದೆ’ ಎಂದು ಬರೆದು, ಸಂಪಾದಕರಿಗೆ ಕಳಿಸುವ ಪತ್ರದಲ್ಲಿ ಪೂರ್ಣ ವಿವರ ಕೊಟ್ಟು ಹಳೆಯ ಪ್ರಬಂಧದ ಪ್ರತಿಯನ್ನೂ ಲಗತ್ತಿಸಬೇಕು. ಯಾವ ಭಾಗ ಹಳೆಯದು, ಯಾವುದು ಹೊಸದು ಎಂಬುದನ್ನು ಆ ಪತ್ರದಲ್ಲೇ ಹೇಳಬೇಕು. ಸಂಪಾದಕರು ಬೇಡವೆಂದರೆ ಅಲ್ಲಿಗೇ ಗೊತ್ತಾಗುತ್ತದೆ, ತಿಂಗಳುಗಟ್ಟಲೆ ಕಾದು ಆಮೇಲೆ ಸಿಕ್ಕಿಬೀಳುವ ಪ್ರಸಂಗ ಬರುವುದಿಲ್ಲ. ಲೇಖನ ಸ್ವೀಕೃತವಾದ ಮೇಲೆ ಅಡಿಟಿಪ್ಪಣಿಯನ್ನು ಪೂರ್ಣವಾಗಿ ಸೇರಿಸಬೇಕು. ಈ ಕೊನೆಯ ಹೆಜ್ಜೆ ಮರೆತುಹೋಗುವುದು ಸಾಮಾನ್ಯವಾದ್ದರಿಂದ ಅಚ್ಚಿನ ಕರಡು ತಿದ್ದುವಾಗ ಅದನ್ನೇ ಮೊದಲು ನೋಡಬೇಕು.

ಮೇಲಿನ ಉದಾಹರಣೆಯಲ್ಲಿ ಪ್ರಬಂಧ ಕನ್ನಡದಲ್ಲಿದೆ. ಲೇಖನ ಇಂಗ್ಲಿಷಿನಲ್ಲಿ ಬರುವುದಾದರೆ ಇನ್ನೊಂದು ಭ್ರಮೆಗೆ ಎಡೆಯಾಗುತ್ತದೆ. ಟರ್ನಿಟಿನ್, ಡ್ರಿಲ್‌ಬಿಟ್‌ನಂಥ ಹೋಲಿಕೆ ತಪಾಸಣೆಯ ತಂತ್ರಾಂಶಗಳು ಮುಖ್ಯವಾಗಿ ಪದಸರಣಿಗಳನ್ನು ತಾಳೆ ನೋಡುತ್ತವೆ. ಕನ್ನಡದ ಪ್ರಬಂಧ ಇಂಗ್ಲಿಷಿಗೆ ಹೋದಾಗ ತಾಳೆ ಬೀಳುವ ಪದಗಳೇ ಇರುವುದಿಲ್ಲ. ಕನ್ನಡದಿಂದ ಕನ್ನಡಕ್ಕೆ ಬಂದಾಗಲೂ, ಸಂಪುಟವನ್ನು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಜೋಡಿಸಿದ್ದರೆ ಅದರ ಪಿಡಿಎಫ್ ತಂತ್ರಾಂಶಕ್ಕೆ ಅರ್ಥವಿಲ್ಲದ ಚಿಹ್ನೆಗಳಂತೆ ಕಾಣುತ್ತದೆ. ಅಂತರ್ಜಾಲಕ್ಕೇ ಏರದ ಸಂಪುಟವಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ವರದಿಯಲ್ಲಿ ಶೇ. 4 ಎಂದು ಬಂದರೆ ತಂತ್ರಾಂಶಕ್ಕೆ ಸಿಕ್ಕ ಹೋಲಿಕೆ ಅಷ್ಟು ಎಂದಷ್ಟೇ ಅರ್ಥ. ಆ ವಿಷಯದಲ್ಲಿ ಬರೆಯುವವರು ಕೆಲವೇ ಜನ, ಪತ್ರಿಕೆಯ ಪರಿಶೀಲಕರು ಅದೇ ಸಂಕಿರಣದಲ್ಲಿ ಕುಳಿತು ಕೇಳಿದವರೂ ಆಗಿರಬಹುದು. ಇನ್ನೊಂದು ಭಾಷೆಯ ಓದುಗರಿಗೆ ಅದೇ ಬರಹವನ್ನು ಕೊಡುವುದು ತಪ್ಪಲ್ಲ. ಎರಡೂ ಕಡೆಯ ಸಂಪಾದಕರಿಗೆ ತಿಳಿಸಿ, ಅನುವಾದವೆಂದು ಮೊದಲ ಪುಟದಲ್ಲೇ ಹೇಳಿದರೆ ಸಾಕು. ಬಡ್ತಿಯ ಅರ್ಜಿಯಲ್ಲಿ ಅದನ್ನು ಹೊಸ ಸಂಶೋಧನೆಯೆಂದು ಎಣಿಸಬಾರದು.

ತಂತ್ರಾಂಶ ಇದಕ್ಕೆ ವಿರುದ್ಧವಾಗಿಯೂ ತಪ್ಪುತ್ತದೆ. ಉದ್ಧರಿಸಿದ ಶ್ಲೋಕ, ತೀರ್ಪಿನ ಸಾಲು, ಕಾಯ್ದೆಯ ಸೆಕ್ಷನ್ ಎಲ್ಲವನ್ನೂ ಅದು ಹೋಲಿಕೆಯೆಂದು ಎತ್ತಿ ತೋರಿಸಬಹುದು. ಸರಿಯಾಗಿ ಉಲ್ಲೇಖಿಸಿದ ಉದ್ಧರಣ, ಗ್ರಂಥಋಣ, ಕಾನೂನಿನ ಪಠ್ಯ ಇವನ್ನು ಲೆಕ್ಕದಿಂದ ಬಿಡಬೇಕೆಂದು 2018ರ ನಿಯಮಾವಳಿಯೇ ಹೇಳುತ್ತದೆ. ಮೂಲಗ್ರಂಥಗಳನ್ನು ಅಡಿಗಡಿಗೆ ಉದ್ಧರಿಸಬೇಕಾದ ಧಾರ್ಮಿಕ ನೀತಿಶಾಸ್ತ್ರದ ಲೇಖನಕ್ಕೆ ಶೇ. 22 ಬಂದರೂ ಗಾಬರಿ ಬೇಕಿಲ್ಲ. ಬಣ್ಣ ಹಚ್ಚಿದ ಸಾಲುಗಳನ್ನು ಒಂದೊಂದಾಗಿ ನೋಡಿ, ಅವು ಉದ್ಧರಣಗಳೋ ಲೇಖಕರದೇ ವಾದದ ವಾಕ್ಯಗಳೋ ಎಂದು ಬೇರ್ಪಡಿಸಬೇಕು. ಎರಡನೆಯ ಬಗೆಯವು ನಾಲ್ಕೇ ವಾಕ್ಯವಾದರೂ ಅವನ್ನು ತಿದ್ದಬೇಕು ಅಥವಾ ಉಲ್ಲೇಖಿಸಬೇಕು.

ಹಕ್ಕುಸ್ವಾಮ್ಯದ ಪ್ರಶ್ನೆ ಇವೆಲ್ಲದರಿಂದ ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಒಡೆತನ ಬೇರೆಯವರಿಗೆ ಹೋಗಬೇಕಾದರೆ ಸಹಿ ಮಾಡಿದ ಲಿಖಿತ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸಿರದಿದ್ದರೆ ಐದು ವರ್ಷವೆಂದು ತಿಳಿಯಬೇಕೆಂದೂ ಕಾಯ್ದೆ ಹೇಳುತ್ತದೆ. ಅನೇಕ ಸಂಕಿರಣಗಳಲ್ಲಿ ಯಾವ ಪತ್ರಕ್ಕೂ ಸಹಿ ಹಾಕಿಸಿಕೊಳ್ಳುವುದಿಲ್ಲ, ಹಾಗಾಗಿ ಒಡೆತನ ಲೇಖಕರಲ್ಲೇ ಉಳಿದಿರುತ್ತದೆ. ‘ನನ್ನದೇ ಬರಹ, ನನ್ನದೇ ಹಕ್ಕು, ಯಾರನ್ನು ಕೇಳಬೇಕು’ ಎಂಬ ಮಾತು ಬರುವುದು ಇಲ್ಲಿಂದಲೇ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೆ ಪತ್ರಿಕೆಗೆ ಲೇಖನ ಕಳಿಸುವಾಗ ‘ಇದು ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ’ ಎಂಬ ಘೋಷಣೆಗೆ ಸಹಿ ಹಾಕಿರುತ್ತಾರೆ. ಆ ಘೋಷಣೆ ಸುಳ್ಳಾಗುವುದನ್ನು ಒಡೆತನ ತಪ್ಪಿಸಲಾರದು. ಸಂಪುಟದ ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟಿದ್ದರೆ ಉಲ್ಲೇಖದ ಜೊತೆಗೆ ಅವರ ಅನುಮತಿಯೂ ಬೇಕು.

ಎರಡೂ ಅಚ್ಚಾದ ಮೇಲೆ ಗಮನಕ್ಕೆ ಬಂದರೂ ದಾರಿಯಿದೆ. ಬ್ರಿಟನ್ನಿನಲ್ಲಿ 1997ರಲ್ಲಿ ಶುರುವಾದ ಪ್ರಕಟಣಾ ನೀತಿ ಸಮಿತಿ, ಕೋಪ್, ಸಂಪಾದಕರಿಗಾಗಿ ರೂಪಿಸಿರುವ ಮಾರ್ಗಸೂಚಿಗಳನ್ನು ಜಗತ್ತಿನ ಬಹಳಷ್ಟು ಸಂಶೋಧನಾ ಪತ್ರಿಕೆಗಳು ಅನುಸರಿಸುತ್ತವೆ. ಹೋಲಿಕೆ ಸಣ್ಣದಾಗಿದ್ದು ಉಲ್ಲೇಖ ಬಿಟ್ಟುಹೋಗಿದ್ದಷ್ಟೇ ಆದರೆ ಪತ್ರಿಕೆ ತಿದ್ದುಪಡಿ ಪ್ರಕಟಿಸಿ ಹಳೆಯ ಪ್ರಬಂಧದ ವಿವರ ಸೇರಿಸುತ್ತದೆ. ಇಡೀ ವಾದವೇ ಒಂದಾಗಿದ್ದರೆ ಎರಡನೆಯದಾಗಿ ಬಂದ ಲೇಖನವನ್ನು ಹಿಂಪಡೆದು, ಕಾರಣವನ್ನೂ ಅಚ್ಚು ಹಾಕುತ್ತದೆ. ಮೊದಲು ಬಂದದ್ದು ಹಾಗೆಯೇ ಉಳಿಯುತ್ತದೆ. ಯಾರೋ ದೂರು ಕೊಟ್ಟ ಮೇಲೆ ವಿವರಣೆ ಕೊಡುವುದಕ್ಕೂ ಲೇಖಕರೇ ಮೊದಲು ಸಂಪಾದಕರಿಗೆ ಬರೆಯುವುದಕ್ಕೂ ವ್ಯತ್ಯಾಸವಿದೆ. ಪ್ರಾಮಾಣಿಕ ತಪ್ಪನ್ನೂ ಮೋಸವನ್ನೂ ಬೇರೆ ಬೇರೆಯಾಗಿ ನೋಡುವಂತೆ ಆ ಮಾರ್ಗಸೂಚಿಗಳು ಸಂಪಾದಕರಿಗೆ ಹೇಳುತ್ತವೆ. ಆ ಪತ್ರದಲ್ಲಿ ಎರಡೂ ಬರಹಗಳ ಪ್ರತಿ, ಅಚ್ಚಾದ ದಿನಾಂಕ, ಯಾವ ಪುಟದಿಂದ ಯಾವ ಪುಟದವರೆಗೆ ಹೋಲುತ್ತದೆ ಎಂಬ ವಿವರ ಇರಬೇಕು. ಸಂಪುಟದ ಸಂಪಾದಕರಿಗೂ ಅದೇ ಪತ್ರದ ಒಂದು ಪ್ರತಿ ಹೋಗಬೇಕು.